ಹತ್ತನೆಯ ತರಗತಿಗೆ ಒಂದೇ ಪುಸ್ತಿಕೆ ಸಾಕೆ?

ಪರೀಕ್ಷೆಗೆ ಮುನ್ನ ತರಗತಿಯ ಮಕ್ಕಳನ್ನು ಮೂರು ಪಾಲು ಮಾಡಿ, ಜಾಣರಿಗೊಂದು, ಸಾಧಾರಣರಿಗೊಂದು, ಹಿಂದುಳಿದವರಿಗೊಂದು ಎಂದು ಬೇರೆಬೇರೆ ಪ್ರಶ್ನಸಂಚಯಗಳನ್ನು ಕೊಡುವ ರೂಢಿ ನಮ್ಮ ಶಾಲೆಗಳಲ್ಲಿ ಬೇರೂರಿದೆ. ಕರ್ನಾಟಕದ ಎಸ್ಸೆಸ್ಸೆಲ್ಸಿ ವಲಯದಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರನ್ನು ಕೇಳದ ಶಿಕ್ಷಕರಿಲ್ಲ. ಉತ್ತೀರ್ಣರಾಗಲು ಸಾಕಾಗುವಷ್ಟು ಪಾಠಗಳನ್ನು ಮಾತ್ರ ಆಯ್ದು, ಅವನ್ನೇ ಮತ್ತೆ ಮತ್ತೆ ಬರೆಸುವುದು ಅದರ ತಿರುಳು. ಮಹಾರಾಷ್ಟ್ರದಲ್ಲಿ ಈ ಕೆಲಸವನ್ನು ಮಾರುಕಟ್ಟೆಯೇ ವಹಿಸಿಕೊಂಡಿದೆ. ಜನವರಿ ತಿಂಗಳಲ್ಲಿ ಪುಣೆಯ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳ ಮುಂದೆ ನಿಂತರೆ, ಹತ್ತನೆಯ ತರಗತಿಯ ಗೈಡುಗಳೂ ಮಾದರಿ ಪ್ರಶ್ನಪತ್ರಿಕೆಗಳೂ ಎದೆಯೆತ್ತರಕ್ಕೆ ಪೇರಿಸಿರುವುದನ್ನು ಕಾಣಬಹುದು. ಈ ಎರಡೂ ದಾರಿಗಳನ್ನು ಬಿಟ್ಟು, ಇಡೀ ತರಗತಿಗೆ ಒಂದೇ ಒಂದು ಪುನರಾವರ್ತನ ಪುಸ್ತಿಕೆಯನ್ನು ಸಿದ್ಧಪಡಿಸಿದ ಶಿಕ್ಷಕಿಯೊಬ್ಬರ ಕೆಲಸವನ್ನು ನಾವು ಕಳೆದ ಕೆಲವು ತಿಂಗಳು ಹತ್ತಿರದಿಂದ ನೋಡಿದೆವು. ಅದನ್ನು ನೋಡಿದ ಮೇಲೆ ನಮಗೆ ಮೂಡಿದ ಅಭಿಪ್ರಾಯ ಇಷ್ಟು: ಪುಸ್ತಿಕೆ ಒಂದೇ ಇರಬೇಕು, ಮಕ್ಕಳನ್ನು ವಿಂಗಡಿಸುವ ಶ್ರಮವನ್ನು ತಪ್ಪುಗಳನ್ನು ವಿಂಗಡಿಸುವುದಕ್ಕೆ ವ್ಯಯಿಸಬೇಕು.

ಈ ಶಿಕ್ಷಕಿ ನಮ್ಮ ಬಳಗದವರೇ. ಸೊಲ್ಲಾಪುರದ ಕಡೆಯವರು, ಮನೆಮಾತು ಕನ್ನಡ. ಪುಣೆಯ ಹೊರವಲಯದ ಮರಾಠಿ ಮಾಧ್ಯಮದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ. ಅವರ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಇವರಲ್ಲಿ ಖಾಸಗಿ ಟ್ಯೂಷನ್ನಿಗೆ ಹೋಗಿ ಪಠ್ಯವನ್ನು ದೀಪಾವಳಿಯೊಳಗೇ ಮುಗಿಸಿದವರಿದ್ದಾರೆ. ಭಿನ್ನರಾಶಿ ಕಂಡೊಡನೆ ಲೇಖನಿಯನ್ನು ಕೆಳಗಿಡುವವರಿದ್ದಾರೆ. ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಮನೆಗಳ ಮೂವರು ಮಕ್ಕಳೂ ಇದ್ದಾರೆ. ಈ ಮೂವರು ಏಳನೆಯ ತರಗತಿಯವರೆಗೆ ಊರಿನಲ್ಲಿ ಕನ್ನಡದಲ್ಲೇ ಓದಿದವರು. ಲೆಕ್ಕ ಅವರಿಗೆ ಬರುತ್ತದೆ, ಆದರೆ ಲೆಕ್ಕ ಹೇಳುವ ವಾಕ್ಯ ಅರ್ಥವಾಗುವುದಿಲ್ಲ. ‘ಮಿಶ್ರ ಸಾಮರ್ಥ್ಯದ ತರಗತಿ’ ಎಂದು ತರಬೇತಿಯ ಕಾಗದಗಳಲ್ಲಿ ಒಂದೇ ಪದದಲ್ಲಿ ಮುಗಿದುಹೋಗುವ ಸಂಗತಿ ವಾಸ್ತವದಲ್ಲಿ ಹೀಗೆ ಕನಿಷ್ಠ ಮೂರು ಬಗೆಯದು.

ಸಮಯವಂತೂ ಕಡಿಮೆ. ಮಹಾರಾಷ್ಟ್ರ ಮಂಡಳಿಯ ಹತ್ತನೆಯ ತರಗತಿಯ ಪರೀಕ್ಷೆ ಹಿಂದೆ ಮಾರ್ಚಿನಲ್ಲಿ ಆರಂಭವಾಗುತ್ತಿತ್ತು. 2025ರಲ್ಲಿ ಫೆಬ್ರವರಿ 21ಕ್ಕೇ ಆರಂಭವಾಯಿತು. ಶಾಲೆಯ ಪೂರ್ವಪರೀಕ್ಷೆ ಮುಗಿದು ಉತ್ತರಪತ್ರಿಕೆ ಕೈಗೆ ಬರುವ ಹೊತ್ತಿಗೆ ಉಳಿಯುವುದು ನಾಲ್ಕು ವಾರ. ಆ ನಾಲ್ಕು ವಾರಗಳಲ್ಲಿ ಮೂರು ಪುಸ್ತಿಕೆ ಬರೆದು, ಮೂರನ್ನೂ ತಿದ್ದಿ, ಮೂರು ಗುಂಪುಗಳಿಗೂ ಪಾಠ ಹೇಳುವುದು ಒಬ್ಬರಿಂದಾಗದು. ಆದರೆ ಒಂದೇ ಪುಸ್ತಿಕೆಯ ಪರವಾಗಿ ನಾವು ಒಡ್ಡುವ ವಾದ ಈ ಅನುಕೂಲದ ಮಾತಲ್ಲ.

ಮೊದಲಿಗೆ ಅವರು ಮಾಡಿದ್ದು ಅಂಕಗಳ ಪಟ್ಟಿಯನ್ನು ಪಕ್ಕಕ್ಕಿಟ್ಟದ್ದು. ಪೂರ್ವಪರೀಕ್ಷೆಯ ಮೂವತ್ತೆಂಟು ಉತ್ತರಪತ್ರಿಕೆಗಳಲ್ಲಿ ಒಂದೇ ಪ್ರಶ್ನೆಯನ್ನು ಆರಿಸಿಕೊಂಡು, ಪ್ರತಿ ಉತ್ತರದಲ್ಲಿ ಮೊದಲ ತಪ್ಪು ಯಾವ ಸಾಲಿನಲ್ಲಿ ಬಿದ್ದಿದೆ ಎಂಬುದನ್ನಷ್ಟೇ ನೋಡಿ, ಕಾಗದಗಳನ್ನು ನೆಲದ ಮೇಲೆ ರಾಶಿರಾಶಿಯಾಗಿ ಇಟ್ಟರು. ಪ್ರಶ್ನೆ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳದ್ದು:

4x − 3y = 11
2x + y = 3

ಉತ್ತರ x = 2, y = −1. ಎರಡನೆಯ ಸಮೀಕರಣವನ್ನು ಮೂರರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿದರೆ 10x = 20 ಎಂದು ಎರಡೇ ಸಾಲಿನಲ್ಲಿ ಬರುತ್ತದೆ. ಆದರೆ ಕೆಲವರು ಎಡಭಾಗವನ್ನು ಮೂರರಿಂದ ಗುಣಿಸಿ ಬಲಭಾಗದ 3ನ್ನು ಹಾಗೆಯೇ ಬಿಟ್ಟಿದ್ದರು. ಆಗ 10x = 14 ಆಗಿ, x = 7/5, y = 1/5 ಎಂಬ ಉತ್ತರ ಹೊರಬರುತ್ತದೆ. ಇನ್ನು ಕೆಲವರು ಎರಡರಿಂದ ಗುಣಿಸಿ ಕಳೆಯುವ ದಾರಿ ಹಿಡಿದಿದ್ದರು; ಅದೂ ಸರಿಯಾದ ದಾರಿಯೇ. ಆದರೆ −3y ಯಿಂದ 2y ಕಳೆದಾಗ −5y ಎಂದು ಬರೆಯುವ ಬದಲು −y ಎಂದು ಬರೆದುಬಿಟ್ಟರು. ಆಗ y = −5, x = 4.

ಈ ಕೊನೆಯ ರಾಶಿಯೇ ಎಲ್ಲಕ್ಕಿಂತ ಎತ್ತರವಾಗಿತ್ತು. ಅದರೊಳಗೆ ಯಾರಿದ್ದಾರೆ ಎಂದು ಹೆಸರುಗಳನ್ನು ತಿರುವಿ ನೋಡಿದಾಗ, ನಲವತ್ತಕ್ಕೆ ಮೂವತ್ತು ದಾಟಿದವರೂ ಹನ್ನೆರಡರಲ್ಲಿ ನಿಂತವರೂ ಒಟ್ಟಿಗೇ ಸಿಕ್ಕಿದರು. ನಮ್ಮ ವಾದದ ಬೇರು ಇಲ್ಲಿದೆ. ಮಕ್ಕಳನ್ನು ಒಟ್ಟು ಅಂಕದ ಮೇಲೆ ಮೂರು ಗುಂಪು ಮಾಡಿದ್ದರೆ, ಒಂದೇ ತಪ್ಪನ್ನು ಮಾಡುವ ಮಕ್ಕಳು ಮೂರು ಬೇರೆ ಪುಸ್ತಿಕೆಗಳಿಗೆ ಚದುರಿಹೋಗುತ್ತಿದ್ದರು. ಮೇಲಿನ ಗುಂಪಿನವರ ಪುಸ್ತಿಕೆಯಲ್ಲಿ ಋಣಸಂಖ್ಯೆಯನ್ನು ಕಳೆಯುವ ಅಭ್ಯಾಸವೇ ಇರುತ್ತಿರಲಿಲ್ಲ. ಅದು ‘ತೀರಾ ಸುಲಭ’ವೆಂದು ಯಾರೋ ತೀರ್ಮಾನಿಸಿಯಾಗಿರುತ್ತಿತ್ತು. ಕೆಳಗಿನ ಗುಂಪಿನವರ ಪುಸ್ತಿಕೆಯಲ್ಲಿ ಋಣಚಿಹ್ನೆಗಳೇ ಇಲ್ಲದ ಸರಳ ಲೆಕ್ಕಗಳು ತುಂಬಿರುತ್ತಿದ್ದವು. ಹೀಗಾಗಿ ಅವರಿಗೂ ಆ ತಪ್ಪು ತಿದ್ದಿಕೊಳ್ಳುವ ಸಂದರ್ಭ ಬರುತ್ತಿರಲಿಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. x = 4, y = −5 ಎಂದು ಬರೆದ ಹಲವರು ತಾಳೆ ನೋಡಿದ್ದರು. 2x + y ಯಲ್ಲಿ ಇಟ್ಟು ನೋಡಿದರೆ 8 − 5 = 3, ಸರಿಯಾಗಿಯೇ ಇದೆ! ಸರಿಯಾಗಿರಲೇಬೇಕು, ಏಕೆಂದರೆ y ತಿಳಿದ ಮೇಲೆ x ಅನ್ನು ಕಂಡುಹಿಡಿದದ್ದೇ ಆ ಸಮೀಕರಣದಿಂದ. ತಾಳೆ ನೋಡಬೇಕಾದದ್ದು ಇನ್ನೊಂದರಲ್ಲಿ: 4x − 3y ಎಂದರೆ 16 + 15 = 31, ಅದು 11 ಅಲ್ಲ. ‘ಉತ್ತರವನ್ನು ತಾಳೆ ನೋಡಿ’ ಎಂಬ ಉಪದೇಶ ಎಲ್ಲ ಗೈಡುಗಳಲ್ಲೂ ಇದೆ; ಯಾವ ಸಮೀಕರಣದಲ್ಲಿ ನೋಡಬೇಕು ಎಂಬ ಮಾತು ಮಾತ್ರ ಅಪರೂಪ. ಈ ಶಿಕ್ಷಕಿಯ ಪುಸ್ತಿಕೆಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವ ಏಕೈಕ ವಾಕ್ಯ ಅದು: ಕೊನೆಯ ಹೆಜ್ಜೆಯಲ್ಲಿ ಬಳಸದ ಸಮೀಕರಣದಲ್ಲಿ ತಾಳೆ ನೋಡಿ.

ಇನ್ನು ಪುಸ್ತಿಕೆಯ ಕಟ್ಟೋಣ. ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಯ ಗಣಿತಕ್ಕೆ ಎರಡು ಪತ್ರಿಕೆಗಳಿವೆ. ಬೀಜಗಣಿತಕ್ಕೆ 40, ರೇಖಾಗಣಿತಕ್ಕೆ 40, ಶಾಲೆಯ ಒಳಮೌಲ್ಯಮಾಪನಕ್ಕೆ 20. ಬೀಜಗಣಿತದ ಪತ್ರಿಕೆಯನ್ನು ಬಿಡಿಸಿ ನೋಡಿದರೆ, ಮೊದಲ ಪ್ರಶ್ನೆಯಲ್ಲಿ ಒಂದೊಂದು ಅಂಕದ ಎಂಟು ಉಪಪ್ರಶ್ನೆಗಳು, ಅದು 8 ಅಂಕ. ಎರಡನೆಯದರಲ್ಲಿ ಎರಡೆರಡು ಅಂಕದವು, 12 ಅಂಕ. ಮೂರನೆಯದರಲ್ಲಿ ಮೂರು ಅಂಕದವು, 9. ನಾಲ್ಕನೆಯದು ನಾಲ್ಕು ಅಂಕದವು, 8. ಐದನೆಯದು ಮೂರು ಅಂಕದ ಒಂದೇ ಪ್ರಶ್ನೆ. ಪಠ್ಯದಲ್ಲಿ ಅದೇ ರೂಪದಲ್ಲಿ ಕಾಣದ, ಸ್ವಂತ ಯೋಚನೆಯನ್ನು ಬೇಡುವ ಪ್ರಶ್ನೆ ಅಲ್ಲಿ ಬರುತ್ತದೆ. ಅಂದರೆ ನಲವತ್ತರಲ್ಲಿ ಇಪ್ಪತ್ತು ಅಂಕ ಮೊದಲ ಎರಡು ಪ್ರಶ್ನೆಗಳಲ್ಲೇ ಇವೆ. ಮಂಡಳಿಯ ಪತ್ರಿಕೆಯೇ ಎಲ್ಲ ಮಕ್ಕಳಿಗೂ ಒಂದೇ, ಅದೇ ಒಂದು ಏಣಿ. ಉತ್ತೀರ್ಣನಾಗಬೇಕಾದ ಹುಡುಗನಿಗೂ ನೂರಕ್ಕೆ ನೂರು ಬೇಕಾದ ಹುಡುಗಿಗೂ ಮಂಡಳಿ ಕೊಡುವುದು ಅದೊಂದೇ ಕಾಗದವನ್ನು. ಪುನರಾವರ್ತನೆಗೆ ಮಾತ್ರ ಮೂರು ಕಾಗದಗಳೇಕೆ ಬೇಕು?

ಆದ್ದರಿಂದ ಅವರು ಪ್ರತಿ ಪಾಠಕ್ಕೆ ನಾಲ್ಕು ಪುಟ ಎಂದು ಗೊತ್ತುಮಾಡಿದರು. ಬೀಜಗಣಿತದಲ್ಲಿ ಆರು ಪಾಠ: ರೇಖಾತ್ಮಕ ಸಮೀಕರಣ, ವರ್ಗ ಸಮೀಕರಣ, ಸಮಾಂತರ ಶ್ರೇಢಿ, ಆರ್ಥಿಕ ನಿಯೋಜನೆ, ಸಂಭವನೀಯತೆ, ಸಂಖ್ಯಾಶಾಸ್ತ್ರ. ಒಟ್ಟು ಇಪ್ಪತ್ತನಾಲ್ಕು ಪುಟ. ಉತ್ತರಗಳಿಗೆ ಆರು, ಪದಗಳ ಪಟ್ಟಿಗೆ ಒಂದು, ಮೊದಲ ಪುಟ ಒಂದು; ಮೂವತ್ತೆರಡು. ಎ4 ಹಾಳೆಯೊಂದನ್ನು ನಡುವೆ ಮಡಿಚಿದರೆ ನಾಲ್ಕು ಪುಟವಾಗುತ್ತದೆಯಾದ್ದರಿಂದ ಒಂದು ಪುಸ್ತಿಕೆಗೆ ಎಂಟೇ ಹಾಳೆ, ಎರಡು ಪಿನ್ನು. ಇಡೀ ತರಗತಿಗೆ ಮುನ್ನೂರ ನಾಲ್ಕು ಹಾಳೆ ಸಾಕಾಯಿತು. ಈ ಲೆಕ್ಕ ಕ್ಷುಲ್ಲಕವೆನಿಸಬಹುದು. ಆದರೆ ಪುಸ್ತಿಕೆ ಊದಿಕೊಳ್ಳದಂತೆ ತಡೆದದ್ದು ಇದೇ ಲೆಕ್ಕ. ಸಹೋದ್ಯೋಗಿಗಳು ‘ಇದೊಂದು ಪ್ರಶ್ನೆ ಸೇರಿಸಿ, ಕಳೆದ ಸಲ ಬಂದಿತ್ತು’ ಎಂದು ಬಂದಾಗಲೆಲ್ಲ, ‘ಯಾವುದನ್ನು ತೆಗೆಯಲಿ, ಹೇಳಿ’ ಎಂದು ಅವರು ಕೇಳುತ್ತಿದ್ದರಂತೆ. ಅರವತ್ತು ಪುಟದ ಪುಸ್ತಿಕೆಯನ್ನು ಮೇಲಿನ ಹತ್ತು ಮಕ್ಕಳು ಮಾತ್ರ ಮುಗಿಸುತ್ತಾರೆ. ಉಳಿದವರಿಗೆ ಅದು ತಮ್ಮ ಸೋಲಿನ ಇನ್ನೊಂದು ಸಾಕ್ಷಿ.

ನಾಲ್ಕು ಪುಟಗಳೊಳಗಿನ ಕ್ರಮ ಹೀಗಿದೆ. ಮೊದಲ ಪುಟದ ನೆತ್ತಿಯಲ್ಲಿ ಒಂದು ಪ್ರಶ್ನೆ ಇರುತ್ತದೆ. ಇದನ್ನು ಅವರು ‘ಹೊಸ್ತಿಲ ಪ್ರಶ್ನೆ’ ಎನ್ನುತ್ತಾರೆ. ಎರಡು ಅಂಕದ ಸಾಮಾನ್ಯ ಪ್ರಶ್ನೆ. ಯಾರ ನೆರವೂ ಇಲ್ಲದೆ ಅದನ್ನು ಬಿಡಿಸಿ, ತಾಳೆ ನೋಡಿ, ಸರಿಯಾದವರು ನೇರವಾಗಿ ಮೂರನೆಯ ಪುಟಕ್ಕೆ ಹೋಗಬಹುದು. ಉಳಿದವರು ಅಲ್ಲೇ ಕೆಳಗೆ ಪೂರ್ತಿ ಬಿಡಿಸಿ ತೋರಿಸಿದ ಲೆಕ್ಕವನ್ನು ಓದುತ್ತಾರೆ. ಅದರ ಕೆಳಗೆ ಅದೇ ಬಗೆಯ ಇನ್ನೊಂದು ಲೆಕ್ಕ, ಎರಡು ಕಡೆ ಖಾಲಿ ಚೌಕ ಬಿಟ್ಟು. ಆಮೇಲಿನದರಲ್ಲಿ ಐದು ಚೌಕ. ಆಮೇಲೆ ಬರೀ ಪ್ರಶ್ನೆ. ಖಾಲಿ ಚೌಕ ತುಂಬುವ ಈ ರೂಪ ಮಂಡಳಿಯ ಪತ್ರಿಕೆಯಲ್ಲೇ ಇದೆ. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಮೊದಲ ಭಾಗ ಅದಕ್ಕೇ ಮೀಸಲು. ಮರಾಠಿಯಲ್ಲಿ ಅದನ್ನು ‘ಕೃತಿ’ ಎನ್ನುತ್ತಾರೆ. ಕೃತಿಯೆಂದರೆ ಗ್ರಂಥವೆಂದೇ ತಿಳಿದ ನಮ್ಮಂಥ ಬಳಗಕ್ಕೆ ‘ಕೃತಿ ಪೂರ್ಣಗೊಳಿಸಿ’ ಎಂಬ ಆಜ್ಞೆ ಮೊದಲ ಸಲ ಕೇಳಿದಾಗ ತುಸು ಗಾಬರಿಯನ್ನೇ ಹುಟ್ಟಿಸಿತು.

ಈ ಹೊಸ್ತಿಲ ಪ್ರಶ್ನೆ ಬರಿಯ ಸಮಯ ಉಳಿಸುವ ಉಪಾಯವಲ್ಲ. ಪೂರ್ತಿ ಬಿಡಿಸಿದ ಲೆಕ್ಕವನ್ನು ಓದುವುದರಿಂದ ಹೊಸ ಕಲಿಕೆಯವನಿಗೆ ಆಗುವ ಲಾಭವನ್ನು ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಅವರ ಸಂಗಡಿಗರು 1980ರ ದಶಕದಿಂದಲೇ ಬೀಜಗಣಿತದ ಪ್ರಯೋಗಗಳ ಮೂಲಕ ತೋರಿಸುತ್ತ ಬಂದರು. ಆದರೆ ಅದೇ ನೆರವು, ಆ ಲೆಕ್ಕ ಆಗಲೇ ಬರುವವನಿಗೆ ಹೊರೆಯಾಗುತ್ತದೆ, ಅವನ ಕಲಿಕೆಯನ್ನು ಕುಂಠಿತಗೊಳಿಸಲೂಬಹುದು ಎಂಬುದನ್ನೂ ಅದೇ ಪಂಥದವರು ಆಮೇಲೆ ಕಂಡುಕೊಂಡರು. ಎಲ್ಲರಿಗೂ ಒಂದೇ ಪುಸ್ತಿಕೆ ಎನ್ನುವವರು ಎದುರಿಸಬೇಕಾದ ನಿಜವಾದ ಆಕ್ಷೇಪ ಇದು. ‘ಜಾಣ ಮಕ್ಕಳಿಗೆ ಬೇಸರವಾಗುತ್ತದೆ’ ಎಂದು ಪಾಲಕರು ದೂರುವುದರಲ್ಲಿ ಸತ್ಯವಿದೆ. ಅದಕ್ಕೆ ಪರಿಹಾರ ಬೇರೆ ಪುಸ್ತಿಕೆಯಲ್ಲ, ಅದೇ ಪುಸ್ತಿಕೆಯಲ್ಲಿ ದಾಟಿಹೋಗುವ ಬಾಗಿಲು. ಬಾಗಿಲನ್ನು ದಾಟುವ ತೀರ್ಮಾನ ಪಾಠದಿಂದ ಪಾಠಕ್ಕೆ ಬದಲಾಗುತ್ತದೆ ಎಂಬುದು ಮುಖ್ಯ. ಸಮೀಕರಣದಲ್ಲಿ ಮೊದಲ ಪುಟದಲ್ಲೇ ಉಳಿದ ಹುಡುಗಿ ಸಂಭವನೀಯತೆಯಲ್ಲಿ ನೇರ ಮೂರನೆಯ ಪುಟಕ್ಕೆ ಹೋದಳು. ಮೂರು ಪುಸ್ತಿಕೆಗಳ ಏರ್ಪಾಡಿನಲ್ಲಿ ಅವಳು ಆರೂ ಪಾಠಗಳಿಗೆ ಕೆಳಗಿನದರಲ್ಲೇ ಉಳಿಯಬೇಕಾಗಿತ್ತು.

ಖಾಲಿ ಚೌಕಗಳಿಗೂ ಒಂದು ಅಪಾಯವಿದೆ. ಮೇಲಿನ ಲೆಕ್ಕವನ್ನು ನೋಡಿ, ಅದೇ ಜಾಗದ ಅಂಕಿಯನ್ನು ಕೆಳಗಿನ ಚೌಕಕ್ಕೆ ಹೊಂದಿಸಿ ತುಂಬುವ ಚಾತುರ್ಯ ಮಕ್ಕಳಿಗೆ ಬೇಗ ಬರುತ್ತದೆ. ಚೌಕಗಳೆಲ್ಲ ಸರಿ, ತಲೆಯೊಳಗೆ ಏನೂ ಇಲ್ಲ. ಇದನ್ನು ಪತ್ತೆಹಚ್ಚಲು ಅವರು ಮಾಡಿದ ಉಪಾಯ ಸರಳ: ಬಿಡಿಸಿ ತೋರಿಸಿದ ಲೆಕ್ಕದಲ್ಲಿ ಕೂಡಿಸಿ ವರ್ಜಿಸಿದ್ದರೆ, ಚೌಕಗಳ ಲೆಕ್ಕದಲ್ಲಿ ಕಳೆದು ವರ್ಜಿಸಬೇಕಾಗುವಂತೆ ಚಿಹ್ನೆ ಬದಲಿಸಿದರು. ನಕಲು ಮಾಡಿದವನ ಉತ್ತರ ಅಲ್ಲೇ ಹಳಿ ತಪ್ಪುತ್ತದೆ.

ಪುಸ್ತಿಕೆಯ ಅತ್ಯಂತ ಬೆಲೆಯುಳ್ಳ ಭಾಗವೆಂದು ನಮಗೆ ತೋರಿದ್ದು ಕೊನೆಯ ಆರು ಪುಟ, ಅಂದರೆ ಉತ್ತರಗಳ ಪಟ್ಟಿ. ಸಾಮಾನ್ಯವಾಗಿ ಉತ್ತರಗಳ ಪಟ್ಟಿಯಲ್ಲಿ ಸರಿಯುತ್ತರ ಮಾತ್ರ ಇರುತ್ತದೆ. ತಪ್ಪಿದವನಿಗೆ ತಾನು ತಪ್ಪಿದ್ದೇನೆ ಎಂಬುದಷ್ಟೇ ಗೊತ್ತಾಗುತ್ತದೆ. ಇಲ್ಲಿ ತಪ್ಪುತ್ತರಗಳೂ ಇವೆ. ಮೇಲಿನ ಲೆಕ್ಕದ ಎದುರಿಗೆ (2, −1) ಎಂದು ಬರೆದು, ಕೆಳಗೆ ಸಣ್ಣಕ್ಷರದಲ್ಲಿ ಹೀಗಿದೆ: (4, −5) ಬಂದಿದ್ದರೆ ಕಳೆಯುವ ಸಾಲಿನ ಚಿಹ್ನೆಗಳನ್ನು ನೋಡಿ, ಪುಟ 3ರ ಎರಡನೆಯ ಲೆಕ್ಕ ಮಾಡಿ, (7/5, 1/5) ಬಂದಿದ್ದರೆ ಗುಣಿಸುವಾಗ ಸಮಚಿಹ್ನೆಯ ಬಲಕ್ಕೆ ಏನು ಮಾಡಿದಿರಿ ನೋಡಿ. ನೆಲದ ಮೇಲಿನ ರಾಶಿಗಳು ಹೀಗೆ ಅಚ್ಚಿನ ಸಾಲುಗಳಾದವು. ಒಂದೇ ಪುಸ್ತಿಕೆಯನ್ನು ಮೂವತ್ತೆಂಟು ಬಗೆಯಲ್ಲಿ ಓದುವಂತೆ ಮಾಡಿದ್ದು ಈ ಸಾಲುಗಳೇ. ಹಂತಗಳನ್ನು ಮಾತ್ರ ಎಲ್ಲೂ ಅಚ್ಚು ಮಾಡಿಲ್ಲ. ಮಾಡಿದರೆ ಅದನ್ನು ನಕಲಿಸಿ ವಹಿ ತುಂಬಿಸುವವರೇ ಹೆಚ್ಚು ಎಂದು ಅವರಿಗೆ ಅನುಭವದಿಂದ ಗೊತ್ತು.

ಇದನ್ನು ಬರೆಯುವುದಕ್ಕೆ ಶಿಕ್ಷಕರು ಪ್ರತಿ ಲೆಕ್ಕವನ್ನೂ ತಪ್ಪಾಗಿ ಬಿಡಿಸಿ ನೋಡಬೇಕು. ಎರಡು ಬೇರೆ ತಪ್ಪುಗಳಿಗೆ ಒಂದೇ ಉತ್ತರ ಬಂದರೆ ಅಂಕಿಗಳನ್ನು ಬದಲಿಸಬೇಕು, ಇಲ್ಲವಾದರೆ ಸೂಚನೆ ದಾರಿತಪ್ಪಿಸುತ್ತದೆ. ಗೈಡುಗಳನ್ನು ಅಚ್ಚು ಮಾಡುವವರಿಗೆ ಈ ಪುರಸೊತ್ತು ಇರಲಾರದು. ಅವರ ಮುಂದೆ ಈ ಮೂವತ್ತೆಂಟು ಉತ್ತರಪತ್ರಿಕೆಗಳೂ ಇಲ್ಲ.

ಇನ್ನು ಮಾತಿನ ಲೆಕ್ಕಗಳು. ಊರಿಂದ ಬಂದ ಆ ಮೂವರು ಕನ್ನಡದ ಮಕ್ಕಳು ಎಡವುವುದು ಇಲ್ಲಿ. ಹೊರನಾಡಿನಲ್ಲಿರುವ ನಾವು ಗಮನಿಸಬೇಕಾದದ್ದೂ ಇಲ್ಲಿಯೇ. ಪುಸ್ತಿಕೆಯ ಮೂರನೆಯ ಪುಟದ ಲೆಕ್ಕ ಇದು: ತಂದೆಯ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟಿಗಿಂತ 4 ಹೆಚ್ಚು. 16 ವರ್ಷಗಳ ನಂತರ ತಂದೆಯ ವಯಸ್ಸು ಮಗನ ವಯಸ್ಸಿನ ಎರಡು ಪಟ್ಟಾಗುತ್ತದೆ. ಈಗ ಇಬ್ಬರ ವಯಸ್ಸೆಷ್ಟು? ತಂದೆ x, ಮಗ y ಎಂದರೆ x = 3y + 4, ಮತ್ತು x + 16 = 2(y + 16). ಮಗನಿಗೆ 12, ತಂದೆಗೆ 40.

ಮರಾಠಿಯಲ್ಲಿ ಇದೇ ವಾಕ್ಯದಲ್ಲಿ ‘ತಿಪಟೀಪೇಕ್ಷಾ 4 ನೇ ಜಾಸ್ತ’ ಎಂದು ಬರುತ್ತದೆ. ಮರಾಠಿಯ ‘ನೇ’ ಇಲ್ಲಿ ‘ಅಷ್ಟರಿಂದ’ ಎಂಬ ಅರ್ಥದ ಪ್ರತ್ಯಯ. ಕನ್ನಡದ ಕಿವಿಗೆ ‘4ನೇ’ ಎಂದರೆ ನಾಲ್ಕನೆಯದು. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗನೊಬ್ಬ ‘ನಾಲ್ಕನೆಯವನು ಯಾರು ಟೀಚರ್, ಮನೆಯಲ್ಲಿ ಇಬ್ಬರೇ ಇದ್ದಾರಲ್ಲ?’ ಎಂದು ಕೇಳಿದನಂತೆ. ತರಗತಿ ನಕ್ಕಿತು. ಶಿಕ್ಷಕಿ ನಗಲಿಲ್ಲ, ಏಕೆಂದರೆ ಅವನ ಪ್ರಶ್ನೆ ವ್ಯಾಕರಣಬದ್ಧವಾಗಿತ್ತು. ಅವನನ್ನು ಗಣಿತದಲ್ಲಿ ಹಿಂದುಳಿದವನೆಂದು ಪಟ್ಟಿಗೆ ಸೇರಿಸುವ ಮುನ್ನ, ಅದೇ ಲೆಕ್ಕವನ್ನು ಅವನಿಗೆ ಕನ್ನಡದಲ್ಲಿ ಹೇಳಿ ನೋಡಿದರು. ಸಮೀಕರಣ ಎರಡು ನಿಮಿಷದಲ್ಲಿ ಬಂತು. ಮಾತೃಭಾಷೆಯಲ್ಲಿ ಹೇಳಿದಾಗ ಬಿಡಿಸುವವನ ಕೊರತೆ ಗಣಿತದ್ದಲ್ಲ. ಆಗಲೂ ಬಿಡಿಸಲಾಗದವನದು ಗಣಿತದ್ದು. ಈ ಎರಡನ್ನು ಬೇರ್ಪಡಿಸಲು ಐದು ನಿಮಿಷ ಸಾಕು. ಬೇರ್ಪಡಿಸದಿದ್ದರೆ ಇಬ್ಬರಿಗೂ ಒಂದೇ ‘ಸುಲಭ’ ಪುಸ್ತಿಕೆ ಹೋಗುತ್ತದೆ, ಇಬ್ಬರಿಗೂ ಅದರಿಂದ ಪ್ರಯೋಜನವಿಲ್ಲ.

ಪುಸ್ತಿಕೆಯ ಒಂದು ಪುಟವನ್ನು ಪದಗಳ ಪಟ್ಟಿಗೆ ಬಿಟ್ಟದ್ದು ಇದಕ್ಕಾಗಿ. ಮರಾಠಿಯ ತ್ರಿಕೋಣ ನಮ್ಮ ತ್ರಿಭುಜ, ಅಲ್ಲಿನ ನಿಶ್ಚಯಕ ನಮ್ಮ ನಿರ್ಧಾರಕ, ಅವರ ಸಂಭಾವ್ಯತಾ ನಮ್ಮ ಸಂಭವನೀಯತೆ. ಸಂಸ್ಕೃತಮೂಲದ ಈ ದೊಡ್ಡ ಪದಗಳಲ್ಲಿ ಮಕ್ಕಳು ಅಷ್ಟಾಗಿ ಎಡವುವುದಿಲ್ಲ. ಒಂದು ಸಲ ಹೇಳಿದರೆ ನೆನಪಿಟ್ಟುಕೊಳ್ಳುತ್ತಾರೆ. ಎಡವುವುದು ‘ಪೇಕ್ಷಾ’, ‘ನೇ’, ‘ಪಟ್’, ‘ಅನುಕ್ರಮೇ’ ಮುಂತಾದ ಸಣ್ಣ ಪದಗಳಲ್ಲಿ. ಆದ್ದರಿಂದ ಪಟ್ಟಿಯ ಮುಕ್ಕಾಲು ಭಾಗ ಇಂಥವೇ. ಈ ಪಟ್ಟಿಗೆ ಆಧಾರವಾದದ್ದು ಕರ್ನಾಟಕದ ಪಠ್ಯವಲ್ಲ, ಪುಣೆಯ ಬಾಲಭಾರತಿಯೇ ಪ್ರಕಟಿಸುವ ಕನ್ನಡ ಮಾಧ್ಯಮದ ಗಣಿತ ಪುಸ್ತಕ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಿಗಾಗಿ ಬರುವ ಈ ಪುಸ್ತಕ ಮರಾಠಿ ಪುಸ್ತಕದ ಪಾಠಕ್ರಮವನ್ನೇ ಅನುಸರಿಸುತ್ತದೆ, ಲೆಕ್ಕಗಳೂ ಅವೇ. ಬಾಲಭಾರತಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪುಣೆಯಲ್ಲಿ ವರ್ಷಗಟ್ಟಲೆ ನೆಲೆಸಿದ ನಮ್ಮಲ್ಲಿ ಬಹುಮಂದಿಗೆ ಇಂಥದೊಂದು ಪುಸ್ತಕವಿದೆ ಎಂಬುದೇ ತಿಳಿದಿರಲಿಲ್ಲ. ನಮ್ಮ ಊರಿನಲ್ಲೇ ಸಿದ್ಧವಾಗುವ ಕನ್ನಡ ಪಠ್ಯವನ್ನು ಸೊಲ್ಲಾಪುರದಿಂದ ಬಂದವರೊಬ್ಬರು ನಮಗೆ ತೋರಿಸಬೇಕಾಯಿತು.

ಆದರೆ ಮಾತಿನ ಲೆಕ್ಕದ ತೊಡಕೆಲ್ಲ ಪರಭಾಷೆಯದೆಂದು ಹೇಳಲಾಗದು. ಮರಾಠಿಯೇ ಮನೆಮಾತಾದ ಮಕ್ಕಳೂ ವಾಕ್ಯದಲ್ಲಿ ಪದಗಳು ಬಂದ ಕ್ರಮದಲ್ಲೇ ಸಮೀಕರಣ ಬರೆಯುತ್ತಾರೆ; ‘ಮೂರು ಪಟ್ಟು’ ಎಂಬುದನ್ನು ಮಗನ ಕಡೆಗೂ ‘4 ಹೆಚ್ಚು’ ಎಂಬುದನ್ನು ತಂದೆಯ ಕಡೆಗೂ ಹಚ್ಚಿ 3y = x + 4 ಎನ್ನುತ್ತಾರೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು ಇಂಗ್ಲಿಷೇ ಮಾತೃಭಾಷೆಯಾದ ನಾಡಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲೂ ಇದೇ ತಿರುವುಮುರುವನ್ನು ಕಂಡಿದ್ದರು. ಆದ್ದರಿಂದ ಉತ್ತರಪಟ್ಟಿಯಲ್ಲಿ ಈ ಲೆಕ್ಕದ ಎದುರಿಗೆ ಎರಡು ಸೂಚನೆಗಳಿವೆ. ಮಗನಿಗೆ 20, ತಂದೆಗೆ 56 ಬಂದಿದ್ದರೆ ಮೊದಲ ವಾಕ್ಯ ತಲೆಕೆಳಗಾಗಿದೆ. ಮಗನ ಇಪ್ಪತ್ತರ ಮೂರು ಪಟ್ಟೇ 60 ಆಗುವಾಗ ತಂದೆಗೆ 56 ಹೇಗೆ ಎಂದು ಕೇಳಿಕೊಳ್ಳಿ. ಮಗನ ವಯಸ್ಸು −20 ಬಂದಿದ್ದರೆ ಹದಿನಾರು ವರ್ಷ ತಂದೆಗೆ ಮಾತ್ರ ಕಳೆದಿವೆ, ಮಗನಿಗೂ ಕಳೆಯಲಿ.

ಇದೇ ಕತೆ ನಾಲ್ಕನೆಯ ಪುಟಕ್ಕೂ ಮುಂದುವರಿಯುತ್ತದೆ. ಅಲ್ಲಿ ಎರಡನೆಯ ವಾಕ್ಯವನ್ನು ಬದಲಿಸಿದ್ದಾರೆ: 2 ವರ್ಷಗಳ ನಂತರ ತಂದೆಯ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟಾಗುತ್ತದೆ. ಈಗ ಏನು ಹೇಳುವಿರಿ? x + 2 = 3(y + 2) ಎಂದು ಬರೆದು ಸರಳಗೊಳಿಸಿದರೆ x = 3y + 4, ಅಂದರೆ ಮೊದಲ ವಾಕ್ಯವೇ ಮತ್ತೆ ಬಂತು. ಎರಡು ವಾಕ್ಯ, ಒಂದೇ ಸಮೀಕರಣ. ಒಂದೇ ನಿರ್ದಿಷ್ಟ ಉತ್ತರವಿಲ್ಲ. ಮಗನಿಗೆ 12, ತಂದೆಗೆ 40 ಆದರೂ ಸರಿ. 10 ಮತ್ತು 34 ಆದರೂ ಸರಿ. ತರಗತಿಯ ಮೇಲಿನ ಸಾಲಿನ ಮಕ್ಕಳು ಇದರ ಮೇಲೆ ಅರ್ಧ ಗಂಟೆ ಕಳೆದರು. ಕ್ರೇಮರನ ನಿಯಮ ಹಚ್ಚಿದವರಿಗೆ ನಿರ್ಧಾರಕ ಸೊನ್ನೆ ಬಂದು, ಸೊನ್ನೆಯಿಂದ ಭಾಗಿಸಲಾಗದೆ ನಿಂತರು. ಏಕೆ ನಿಂತೆವೆಂದು ಆಮೇಲೆ ತಿಳಿದರು. ಕಠಿಣ ಪ್ರಶ್ನೆಯೆಂದರೆ ದೊಡ್ಡ ಅಂಕಿಗಳ ಪ್ರಶ್ನೆಯೆಂಬ ಭ್ರಮೆ ನಮ್ಮ ಗೈಡುಗಳಲ್ಲಿ ಬಹಳ. ಇಲ್ಲಿ ಅಂಕಿಗಳು ಇನ್ನೂ ಚಿಕ್ಕವಾಗಿವೆ. ಅದೇ ತಂದೆಮಗನ ಕತೆಯನ್ನು ಪಕ್ಕದ ಬೆಂಚಿನವನು ಮೂರನೆಯ ಪುಟದಲ್ಲಿ ಬಿಡಿಸುತ್ತಿರುವುದರಿಂದ, ಇಬ್ಬರಿಗೂ ಮಾತನಾಡಿಕೊಳ್ಳಲು ಒಂದು ಸಂಗತಿಯಿತ್ತು. ಬೇರೆ ಬೇರೆ ಪುಸ್ತಿಕೆ ಹಿಡಿದವರ ನಡುವೆ ಈ ಮಾತು ಹುಟ್ಟುವುದೇ ಇಲ್ಲ.

ಪಾಸಿಂಗ್ ಪ್ಯಾಕೇಜಿನ ಪರವಾದ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನೂರಕ್ಕೆ 35 ಬಂದರೆ ಐಟಿಐಗೆ ಅರ್ಜಿ ಹಾಕಬಹುದಾದ ಮನೆಯಲ್ಲಿ, ಆ 35 ಬರುವಂತೆ ಮಾಡುವ ಶಿಕ್ಷಕರು ದೊಡ್ಡ ಕೆಲಸವನ್ನೇ ಮಾಡುತ್ತಿದ್ದಾರೆ. ನಮ್ಮ ತಕರಾರು ಅದರ ಆಯ್ಕೆಯ ಬಗ್ಗೆ. ಆರು ಪಾಠಗಳಲ್ಲಿ ಮೂರನ್ನು ಪೂರ್ತಿ ಓದಿಸಿ ಮೂರನ್ನು ಕೈಬಿಡುವುದಕ್ಕಿಂತ, ಆರೂ ಪಾಠಗಳ ಮೊದಲೆರಡು ಪುಟಗಳನ್ನು ಗಟ್ಟಿ ಮಾಡಿಸುವುದು ಹೆಚ್ಚು ಸುರಕ್ಷಿತ. ಒಂದು ಮತ್ತು ಎರಡು ಅಂಕದ ಪ್ರಶ್ನೆಗಳು ಎಲ್ಲ ಪಾಠಗಳಿಗೂ ಹರಡಿಕೊಂಡಿರುತ್ತವೆ, ಅವುಗಳ ಮೊತ್ತ ನಲವತ್ತರಲ್ಲಿ ಇಪ್ಪತ್ತು. ಆದರೂ ಒಂದು ಎಚ್ಚರ ಬೇಕು. ಮೊದಲೆರಡು ಪುಟಗಳಲ್ಲೇ ಬೀಡುಬಿಡುವ ಮಕ್ಕಳು ಮೂರನೆಯ ಪುಟವನ್ನು ತಮ್ಮದಲ್ಲದ ಸೀಮೆಯೆಂದು ಭಾವಿಸತೊಡಗುತ್ತಾರೆ. ಆಗ ಪುಸ್ತಿಕೆ ಒಂದೇ ಆದರೂ ಒಳಗೆ ಗೋಡೆ ಎದ್ದಂತೆಯೇ. ಇದನ್ನು ತಡೆಯಲು ಪ್ರತಿ ಪಾಠದ ಮೂರನೆಯ ಪುಟದ ಮೊದಲ ಲೆಕ್ಕವನ್ನು ಇಡೀ ತರಗತಿ ಒಟ್ಟಿಗೆ ಕೂತು ಬಿಡಿಸಬೇಕೆಂಬ ನಿಯಮವನ್ನು ಶಿಕ್ಷಕಿ ಇಟ್ಟುಕೊಂಡರು. ಯಾವ ಗಡಿಬಿಡಿಯಲ್ಲೂ ಅದನ್ನು ಬಿಡಲಿಲ್ಲ.

ಈ ಇಡೀ ಉಪಾಯ ಬೀಜಗಣಿತಕ್ಕೆ ಒಗ್ಗಿದಷ್ಟು ರೇಖಾಗಣಿತಕ್ಕೆ ಒಗ್ಗುವುದಿಲ್ಲ. ಬೀಜಗಣಿತದಲ್ಲಿ ತಪ್ಪುತ್ತರವೇ ತಪ್ಪಿನ ಗುರುತು ಹೇಳುತ್ತದೆ. ಸಮರೂಪತೆಯ ಪ್ರಮೇಯವನ್ನು ಸಾಧಿಸುವಾಗ ಉತ್ತರ ಮೊದಲೇ ಗೊತ್ತಿರುತ್ತದೆ. ಎಲ್ಲರೂ ಕೊನೆಯ ಸಾಲಿನಲ್ಲಿ ಸರಿಯಾದದ್ದನ್ನೇ ಬರೆಯುತ್ತಾರೆ, ನಡುವಿನ ಕಾರಣಗಳು ಮಾತ್ರ ಇರುವುದಿಲ್ಲ. ರಚನೆಗಳಲ್ಲಿ ಕೈವಾರದ ಕಾಲು ಅರ್ಧ ಮಿಲಿಮೀಟರು ಜಾರಿದರೆ ಅದನ್ನು ಯಾವ ಉತ್ತರಪಟ್ಟಿಯೂ ಹಿಡಿಯಲಾರದು. ಆದ್ದರಿಂದ ರೇಖಾಗಣಿತದ ಪುಸ್ತಿಕೆಯಲ್ಲಿ ಅವರು ಉತ್ತರಗಳ ಪುಟಗಳನ್ನೇ ಕೈಬಿಟ್ಟರು. ಬದಲಿಗೆ ಪ್ರತಿ ಪ್ರಮೇಯದ ಸಾಧನೆಯನ್ನು ಒಂದು ಕಾರಣ ತಪ್ಪಾಗಿರುವಂತೆ ಅಚ್ಚು ಮಾಡಿ, ಯಾವ ಸಾಲಿನ ಕಾರಣ ಸರಿಯಿಲ್ಲ ಎಂದು ಗುರುತಿಸುವ ಕೆಲಸವನ್ನು ಇಬ್ಬಿಬ್ಬರು ಮಕ್ಕಳಿಗೆ ಕೊಟ್ಟಿದ್ದಾರೆ. ಸದ್ಯ ಸಮರೂಪತೆ, ವೃತ್ತ ಎರಡು ಪಾಠಗಳು ಮುಗಿದಿವೆ. ತ್ರಿಕೋನಮಿತಿಯ ಹಾಳೆಗಳು ಈ ವಾರ ಅಚ್ಚಿಗೆ ಹೋಗುತ್ತಿವೆ.